ನಲವತ್ತು ಜ್ವಾಲೆಗೆ ನಾಲ್ಕು ಸಾಲು

ದೀಪೋತ್ಸವವಿರಲಿ, ಆರತಕ್ಷತೆಯಿರಲಿ, ವೇದಿಕೆಯ ಹಿಂದೆ ಎಲ್‌ಇಡಿ ವಾಲ್ ನಿಲ್ಲಿಸುವುದು ಈಗ ಸಾಮಾನ್ಯ. ಸಂಜೆಯಿಡೀ ಅದರ ಮೇಲೆ ಓಡುವ ದೃಶ್ಯ ಗಂಟೆಗಟ್ಟಲೆಯದಾಗಿ ಕಂಡರೂ ಎಷ್ಟೋ ಸಲ ಅದು ಹತ್ತು ಸೆಕೆಂಡಿನ ತುಣುಕು. ಮುಗಿದ ಕೂಡಲೇ ಮೊದಲಿನಿಂದ ಶುರುವಾಗುತ್ತದೆ, ಕೊಂಡಿ ಎಲ್ಲಿದೆ ಎಂದು ಗೊತ್ತಾಗಬಾರದು, ಅಷ್ಟೇ. ಅಂಥದೊಂದು ತುಣುಕಿನಲ್ಲಿ ನಲವತ್ತು ಹಣತೆಗಳ ಸಾಲಿದೆ ಎಂದುಕೊಳ್ಳಿ. ಪ್ರತಿ ಜ್ವಾಲೆಯೂ ತನ್ನ ಪಾಡಿಗೆ ಮಿನುಗಬೇಕು. ಜೊತೆಗೆ ಎಡಗಡೆಯಿಂದ ಗಾಳಿ ಹಾಯ್ದಂತೆ ಒಂದಾದ ಮೇಲೊಂದು ಬಾಗುತ್ತ ಹೋಗಬೇಕು.

ಕೈಯಲ್ಲೇ ಮಾಡಲು ಕೂತವರ ಲೆಕ್ಕ ಹೀಗಿರುತ್ತದೆ. ಆಫ್ಟರ್ ಎಫೆಕ್ಟ್ಸ್‌ನಂಥ ಪ್ರೋಗ್ರಾಂನಲ್ಲಿ ಚಲನೆಯನ್ನು ಕೀಫ್ರೇಮ್‌ಗಳಿಂದ ಹೇಳುತ್ತಾರೆ: ಈ ಕ್ಷಣಕ್ಕೆ ಈ ಬೆಲೆ, ಆ ಕ್ಷಣಕ್ಕೆ ಆ ಬೆಲೆ, ನಡುವಿನದನ್ನು ಪ್ರೋಗ್ರಾಂ ತುಂಬಿಕೊಳ್ಳುತ್ತದೆ. ಜ್ವಾಲೆ ಸೆಕೆಂಡಿಗೆ ಆರು ಸಲ ಮಿನುಗಬೇಕಾದರೆ ಹತ್ತು ಸೆಕೆಂಡಿಗೆ ಕನಿಷ್ಠ 60 ಕೀಫ್ರೇಮ್. ನಲವತ್ತು ಜ್ವಾಲೆಗೆ 2,400. ಇಷ್ಟೂ ಮುಗಿದ ಮೇಲೆ ಗ್ರಾಹಕರು ‘ಸ್ವಲ್ಪ ನಿಧಾನ ಮಾಡಿ’ ಎಂದರೆ ಮುಗಿಯಿತು.

ಈ ಕೂಲಿ ಕೆಲಸವನ್ನು ತಪ್ಪಿಸುವುದು ಎಕ್ಸ್‌ಪ್ರೆಶನ್. 1993ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದ ಕೋಸಾ ಎಂಬ ಸಣ್ಣ ಕಂಪನಿಯಿಂದ ಹೊರಬಂದ ಆಫ್ಟರ್ ಎಫೆಕ್ಟ್ಸ್ ಮರುವರ್ಷ ಅಡೋಬಿಯ ಪಾಲಾಯಿತು. 2001ರ ಐದನೇ ಆವೃತ್ತಿಯಲ್ಲಿ ಅದಕ್ಕೆ ಎಕ್ಸ್‌ಪ್ರೆಶನ್ ಸೇರಿತು. ಲೇಯರ್‌ನ ಒಂದು ಗುಣಕ್ಕೆ, ಅಂದರೆ ಅದರ ಜಾಗ, ಗಾತ್ರ, ತಿರುವು, ಪಾರದರ್ಶಕತೆ ಇವುಗಳಲ್ಲಿ ಯಾವುದಕ್ಕಾದರೂ, ಬೆಲೆಯ ಬದಲು ಒಂದೆರಡು ಸಾಲಿನ ಜಾವಾಸ್ಕ್ರಿಪ್ಟ್ ಬರೆದಿಡುವುದೇ ಎಕ್ಸ್‌ಪ್ರೆಶನ್. ಪ್ರತಿ ಫ್ರೇಮಿಗೂ ಪ್ರೋಗ್ರಾಂ ಆ ಸಾಲುಗಳನ್ನು ಓದಿ ಬೆಲೆ ಲೆಕ್ಕ ಹಾಕುತ್ತದೆ. ಆ ಗುಣದ ಹೆಸರಿನ ಪಕ್ಕದ ಸ್ಟಾಪ್‌ವಾಚ್ ಗುರುತನ್ನು ಆಲ್ಟ್ ಕೀ ಒತ್ತಿ ಹಿಡಿದು ಕ್ಲಿಕ್ ಮಾಡಿದರೆ (ಮ್ಯಾಕ್‌ನಲ್ಲಿ ಆಪ್ಶನ್ ಕೀ) ಬರೆಯುವ ಜಾಗ ತೆರೆದುಕೊಳ್ಳುತ್ತದೆ, ಬೆಲೆಯ ಅಂಕಿ ಕೆಂಪಾಗುತ್ತದೆ. ಮೊದಲು ಹಾಕಿದ್ದ ಕೀಫ್ರೇಮ್‌ಗಳು ಅಳಿಯುವುದಿಲ್ಲ. ಎಕ್ಸ್‌ಪ್ರೆಶನ್ ಆರಿಸಿದ ಕೂಡಲೇ ಹಳೆಯ ಚಲನೆ ಹಾಗೇ ಮರಳುತ್ತದೆ.

ಹಣತೆಗಳ ಕೆಲಸಕ್ಕೆ ಬೇಕಾದದ್ದು ಮೂರೇ: ಅಲುಗಾಟ, ಪುನರಾವರ್ತನೆ, ತಡ. ಚೌಕಟ್ಟು 1920 ಪಿಕ್ಸೆಲ್ ಅಗಲ, 1080 ಎತ್ತರ. ಸೆಕೆಂಡಿಗೆ 25 ಫ್ರೇಮ್. ಉದ್ದ ಹತ್ತು ಸೆಕೆಂಡು, ಅಂದರೆ 250 ಫ್ರೇಮ್. ಮಣ್ಣಿನ ಹಣತೆಗಳು ಹಿನ್ನೆಲೆಯ ಚಿತ್ರದಲ್ಲೇ ಇವೆ, ಜ್ವಾಲೆಗಳಷ್ಟೇ ಬೇರೆ ಬೇರೆ ಲೇಯರ್.

ಮೊದಲು ಮಿನುಗು. ಅದಕ್ಕೆ ಎಲ್ಲರಿಗೂ ಗೊತ್ತಿರುವ ಆಜ್ಞೆ `wiggle`. ಎಕ್ಸ್‌ಪ್ರೆಶನ್ ಎಂದರೆ ಇದೊಂದೇ ಎಂದು ನಂಬಿದವರೂ ಇದ್ದಾರೆ.

```
wiggle(6, 18)
```

ಮೊದಲ ಅಂಕಿ ಸೆಕೆಂಡಿಗೆ ಎಷ್ಟು ಸಲ, ಎರಡನೆಯದು ಹೆಚ್ಚುಕಡಿಮೆ ಎಷ್ಟು ದೂರ. ಇದನ್ನು ಜ್ವಾಲೆಯ ಒಪ್ಯಾಸಿಟಿಗೆ ಹಾಕಿ, ಮೂಲ ಬೆಲೆಯನ್ನು 80ಕ್ಕೆ ಇಟ್ಟರೆ ಹೊಳಪು ಸುಮಾರು 62ರಿಂದ 98ರ ನಡುವೆ ಓಲಾಡುತ್ತದೆ. ಮೂಲ ಬೆಲೆಯನ್ನು 100ರಲ್ಲೇ ಬಿಡುವುದು ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು. ಒಪ್ಯಾಸಿಟಿ ನೂರನ್ನು ದಾಟುವಂತಿಲ್ಲ, ಹಾಗಾಗಿ ಮೇಲ್ಮುಖದ ಅಲುಗಾಟವೆಲ್ಲ ನೂರಕ್ಕೆ ಬಡಿದು ಚಪ್ಪಟೆಯಾಗುತ್ತದೆ. ಜ್ವಾಲೆ ಅರ್ಧ ಹೊತ್ತು ಸುಮ್ಮನೆ ಉರಿದು, ಆಗೀಗ ಕಣ್ಣು ಮಿಟುಕಿಸಿದಂತೆ ಮಂಕಾಗುತ್ತದೆ. ಗ್ರಾಫ್ ಎಡಿಟರ್ ತೆರೆದು, ಎಕ್ಸ್‌ಪ್ರೆಶನ್ ಸಾಲಿನಲ್ಲಿರುವ `Show Post-Expression Graph` ಗುಂಡಿ ಒತ್ತಿದರೆ ಈ ಚಪ್ಪಟೆ ತಲೆಗಳು ಕಣ್ಣಿಗೇ ಕಾಣುತ್ತವೆ.

ಗಾತ್ರಕ್ಕೆ ವಿಗಲ್ ಹಾಕುವಾಗ ಇನ್ನೊಂದು ವಿಷಯ. ಸ್ಕೇಲ್ ಎಂಬುದರಲ್ಲಿ ಅಗಲ, ಎತ್ತರ ಎಂದು ಎರಡು ಬೆಲೆಗಳಿವೆ, ವಿಗಲ್ ಎರಡನ್ನೂ ಬೇರೆ ಬೇರೆಯಾಗಿ ಅಲುಗಿಸುತ್ತದೆ. ಒಂದು ಲೋಗೋಗೆ ಹೀಗೆ ಮಾಡಿದರೆ ಅದು ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಜ್ವಾಲೆಗೆ ಬೇಕಾದದ್ದು ಎತ್ತರದ ಏರಿಳಿತ ಮಾತ್ರ. ಹಾಗಾಗಿ ಅಗಲವನ್ನು ಇದ್ದಂತೆ ಬಿಟ್ಟು ಎತ್ತರವನ್ನಷ್ಟೇ ವಿಗಲ್‌ನಿಂದ ತೆಗೆದುಕೊಳ್ಳಬೇಕು:

```
w = wiggle(5, 8);
[value[0], w[1]]
```

ಇಷ್ಟಕ್ಕೆ ಮುಂಚೆ ಜ್ವಾಲೆಯ ಆ್ಯಂಕರ್ ಪಾಯಿಂಟನ್ನು ಬತ್ತಿಯ ತುದಿಗೆ, ಅಂದರೆ ಜ್ವಾಲೆಯ ಬುಡಕ್ಕೆ ಸರಿಸಿರಬೇಕು. ಅದು ಲೇಯರ್‌ನ ನಡುಮಧ್ಯದಲ್ಲೇ ಉಳಿದರೆ ಎತ್ತರ ಕಡಿಮೆಯಾದಾಗಲೆಲ್ಲ ಜ್ವಾಲೆ ಬತ್ತಿಯಿಂದ ಮೇಲೆದ್ದು ಗಾಳಿಯಲ್ಲಿ ತೇಲುತ್ತದೆ. ಬಾಗಿಸುವಾಗಲೂ ಬುಡವೇ ಅತ್ತಿತ್ತ ಜಾರುತ್ತದೆ. ತಪ್ಪು ಕೋಡಿನಲ್ಲಿ ಇಲ್ಲದೇ ಇರುವುದರಿಂದ ಎಷ್ಟು ಓದಿದರೂ ಸಿಗುವುದಿಲ್ಲ.

ವಿಗಲ್‌ನ ದೊಡ್ಡ ಉಪಕಾರ ಎಂದರೆ ಅದು ಲೇಯರ್‌ನಿಂದ ಲೇಯರ್‌ಗೆ ತಾನಾಗಿಯೇ ಬೇರೆಯಾಗುವುದು. ಯಾದೃಚ್ಛಿಕ ಅಂಕಿಗಳ ಬೀಜ ಪ್ರತಿ ಲೇಯರ್‌ಗೂ ಬೇರೆ. ಒಂದೇ ಸಾಲನ್ನು ನಲವತ್ತು ಕಡೆ ಅಂಟಿಸಿದರೂ ನಲವತ್ತು ಬಗೆಯ ಮಿನುಗು ಸಿಗುತ್ತದೆ. ಎಲ್ಲವೂ ಒಂದೇ ರೀತಿ ಅಲುಗಬೇಕೆಂದಾಗ, ಉದಾಹರಣೆಗೆ ಭೂಕಂಪದ ದೃಶ್ಯದಲ್ಲಿ, ಇದೇ ಗುಣ ಅಡ್ಡಿಯಾಗುತ್ತದೆ. ಆಗ ವಿಗಲ್ಲನ್ನು ಒಂದೇ ಕಡೆ ಬರೆದು ಉಳಿದವು ಅದನ್ನೇ ಓದಿಕೊಳ್ಳುವಂತೆ ಮಾಡಬೇಕು.

ಆದರೆ ವಿಗಲ್‌ಗೆ ಕೊನೆ ಮೊದಲು ಗೊತ್ತಿಲ್ಲ. 250ನೇ ಫ್ರೇಮ್ ಮುಗಿದು ಮತ್ತೆ ಮೊದಲ ಫ್ರೇಮಿಗೆ ಬಂದಾಗ ನಲವತ್ತೂ ಜ್ವಾಲೆಗಳ ಹೊಳಪು ಒಟ್ಟಿಗೆ ಜಿಗಿಯುತ್ತದೆ. ಆರಡಿಯ ಟಿವಿಯಲ್ಲಿ ಯಾರೂ ಗಮನಿಸದ ಈ ಜಿಗಿತ ಮೂವತ್ತಡಿಯ ಗೋಡೆಯ ಮೇಲೆ ಹತ್ತು ಸೆಕೆಂಡಿಗೊಮ್ಮೆ ಕಣ್ಣಿಗೆ ಹೊಡೆಯುತ್ತದೆ. ಇದಕ್ಕೆ ಪರಿಹಾರ ಇದೆ. ವಿಗಲ್‌ಗೆ ಇನ್ನೂ ಮೂರು ಅಂಕಿ ಕೊಡಬಹುದು, ಅವುಗಳಲ್ಲಿ ಕೊನೆಯದು ‘ಯಾವ ಕ್ಷಣದ ಅಲುಗಾಟ ಬೇಕು’ ಎಂಬುದು. ಅದನ್ನು ಬಳಸಿ ಎರಡು ಅಲುಗಾಟಗಳನ್ನು ಪಡೆದು, ಒಂದರಿಂದ ಇನ್ನೊಂದಕ್ಕೆ ಸದ್ದಿಲ್ಲದೆ ದಾಟಬಹುದು:

```
T = 10;
t = time % T;
w1 = wiggle(6, 18, 1, 0.5, t);
w2 = wiggle(6, 18, 1, 0.5, t - T);
linear(t, T - 1, T, w1, w2)
```

`w1` ಎಂಬುದು ಈಗಿನ ಕ್ಷಣದ ಅಲುಗಾಟ, `w2` ಎಂಬುದು ಹತ್ತು ಸೆಕೆಂಡು ಹಿಂದಿನದು. ಒಂಬತ್ತನೇ ಸೆಕೆಂಡಿನವರೆಗೆ ಮೊದಲನೆಯದೇ ಓಡುತ್ತದೆ. ಕೊನೆಯ ಒಂದು ಸೆಕೆಂಡಿನಲ್ಲಿ `linear` ನಿಧಾನವಾಗಿ ಎರಡನೆಯದಕ್ಕೆ ಸರಿಯುತ್ತದೆ. ಹತ್ತು ತುಂಬುವ ಹೊತ್ತಿಗೆ ಎರಡನೆಯದು ಸೊನ್ನೆಯ ಕ್ಷಣದ ಬೆಲೆಗೆ ಬಂದಿರುತ್ತದೆ. ತುಣುಕು ಶುರುವಾಗುವುದೂ ಅದೇ ಬೆಲೆಯಿಂದ, ಕೊಂಡಿ ಕೂಡಿತು.

ಹತ್ತು ಸೆಕೆಂಡಿನುದ್ದಕ್ಕೂ ಈ ದಾಟುವಿಕೆ ಹರಡುವಂತೆ ಬರೆದ ಕೋಡೂ ಚಾಲ್ತಿಯಲ್ಲಿದೆ. ಕೊಂಡಿಯೇನೋ ಅದರಲ್ಲೂ ಕೂಡುತ್ತದೆ. ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅಲುಗಾಟಗಳ ಸರಾಸರಿ ತೆಗೆದಾಗ ಏರು ಇಳಿವುಗಳು ಪರಸ್ಪರ ಸವೆಯುತ್ತವೆ, ಅರ್ಧ ದಾರಿಯಲ್ಲಿ ಅಲುಗಾಟದ ಬಲ ಸುಮಾರು ಶೇ. 70ಕ್ಕೆ ಇಳಿಯುತ್ತದೆ. ತುಣುಕಿನ ನಡುವೆ ದೀಪಗಳಿಗೆಲ್ಲ ತೂಕಡಿಕೆ ಬಂದಂತೆ ಕಾಣುವುದು ಇದರಿಂದಲೇ. ಕೊನೆಯ ಒಂದು ಸೆಕೆಂಡಿಗೆ ಸೀಮಿತಗೊಳಿಸಿದರೆ ಆ ಮಂಕು ಅಷ್ಟಾಗಿ ತಿಳಿಯುವುದಿಲ್ಲ. ಸ್ಕೇಲ್‌ಗೆ ಬರೆದ ವಿಗಲ್‌ಗೂ ಇದೇ ಕಟ್ಟು ಬೇಕಾಗುತ್ತದೆ.

ಇನ್ನು ಬಾಗುವುದು. ಇದು ಯಾದೃಚ್ಛಿಕವಲ್ಲ, ಹೊಯ್ದಾಟ. ಎಡತುದಿಯ ಜ್ವಾಲೆಯ ಲೇಯರ್‌ಗೆ `LEAD` ಎಂದು ಹೆಸರಿಟ್ಟು, ಅದರ ರೊಟೇಶನ್‌ಗೆ ಎರಡೇ ಕೀಫ್ರೇಮ್ ಹಾಕಿದರೆ ಸಾಕು: ಸೊನ್ನೆ ಸೆಕೆಂಡಿಗೆ ಎಡಕ್ಕೆ 6 ಡಿಗ್ರಿ, ಒಂದನೇ ಸೆಕೆಂಡಿಗೆ ಬಲಕ್ಕೆ 6 ಡಿಗ್ರಿ, ಎರಡಕ್ಕೂ ಈಸಿ ಈಸ್. ಉಳಿದ ಒಂಬತ್ತು ಸೆಕೆಂಡು `loopOut` ನೋಡಿಕೊಳ್ಳುತ್ತದೆ.

`loopOut("cycle")` ಎಂದರೆ ಕೊನೆಯ ಕೀಫ್ರೇಮ್ ಮುಟ್ಟಿದ ಕೂಡಲೇ ಮೊದಲನೆಯದಕ್ಕೆ ಹಾರಿ ಮತ್ತೆ ಶುರು. ಮೊದಲ, ಕೊನೆಯ ಬೆಲೆಗಳು ಒಂದೇ ಆಗಿದ್ದರೆ ಮಾತ್ರ ಅದು ಸರಿ. ಇಲ್ಲಿ ಒಂದು ಕಡೆ ಎಡಕ್ಕೆ ಆರು, ಇನ್ನೊಂದು ಕಡೆ ಬಲಕ್ಕೆ ಆರು ಇರುವುದರಿಂದ ಸೆಕೆಂಡಿಗೊಮ್ಮೆ ಜ್ವಾಲೆ 12 ಡಿಗ್ರಿ ಛಕ್ಕನೆ ಜಿಗಿಯುತ್ತದೆ. `"pingpong"` ಹಾಗಲ್ಲ, ಹೋದ ದಾರಿಯಲ್ಲೇ ಹಿಂದೆ ಬರುತ್ತದೆ. ಒಂದು ಸೆಕೆಂಡು ಹೋಗಲು, ಒಂದು ಬರಲು, ಒಟ್ಟು ಎರಡು ಸೆಕೆಂಡಿನ ಸುತ್ತು. ಹತ್ತು ಸೆಕೆಂಡಿನಲ್ಲಿ ಸರಿಯಾಗಿ ಐದು ಸುತ್ತು ಬರುತ್ತದೆ. ಸುತ್ತು ಮೂರು ಸೆಕೆಂಡಿನದಾಗಿದ್ದರೆ ಹತ್ತನ್ನು ಅದು ಸಮನಾಗಿ ಭಾಗಿಸದೆ, ಎಕ್ಸ್‌ಪ್ರೆಶನ್ ಎಷ್ಟೇ ಸರಿಯಿದ್ದರೂ ತುಣುಕಿನ ಕೊಂಡಿ ತಪ್ಪುತ್ತಿತ್ತು.

ಈಗ ಮುಖ್ಯ ಭಾಗ, ಉಳಿದ ಮೂವತ್ತೊಂಬತ್ತು ಜ್ವಾಲೆಗಳು. ಅವುಗಳಿಗೆ ಸ್ವಂತ ಕೀಫ್ರೇಮ್ ಇಲ್ಲ. ಪ್ರತಿಯೊಂದೂ ಮೊದಲ ಜ್ವಾಲೆಯನ್ನು ನೋಡಿ, ಅದು ಸ್ವಲ್ಪ ಹೊತ್ತಿನ ಹಿಂದೆ ಹೇಗಿತ್ತೋ ಹಾಗೆ ತಾನೀಗ ಬಾಗುತ್ತದೆ. ಸಾಲಿನಲ್ಲಿ ಎಷ್ಟನೆಯದೋ ಅಷ್ಟು ತಡ.

```
L = thisComp.layer("LEAD");
n = index - L.index;
d = n * 2 * thisComp.frameDuration;
L.transform.rotation.valueAtTime(time - d)
```

`index` ಎಂದರೆ ಟೈಮ್‌ಲೈನಿನ ಪಟ್ಟಿಯಲ್ಲಿ ಆ ಲೇಯರ್‌ನ ಕ್ರಮಸಂಖ್ಯೆ, `valueAtTime` ಎಂದರೆ ಬೇರೊಂದು ಕ್ಷಣದ ಬೆಲೆ ಕೇಳುವ ಆಜ್ಞೆ. ಬೇರೆ ಲೇಯರ್‌ನಿಂದ ಕೇಳಿದಾಗ ಅದು ಕೀಫ್ರೇಮ್‌ನ ಬೆಲೆಯನ್ನಲ್ಲ, ಅಲ್ಲಿನ ಎಕ್ಸ್‌ಪ್ರೆಶನ್ ಓಡಿದ ಮೇಲಿನ ಬೆಲೆಯನ್ನೇ ಕೊಡುತ್ತದೆ. ಹಾಗಾಗಿ `LEAD`ನ ಪಿಂಗ್‌ಪಾಂಗ್ ಎಲ್ಲರಿಗೂ ತಾನಾಗಿ ಸಿಕ್ಕಿತು. ಪ್ರತಿ ಜ್ವಾಲೆಯ ತಡ ಎರಡೆರಡು ಫ್ರೇಮ್, ಕೊನೆಯದು ಮೊದಲನೆಯದಕ್ಕಿಂತ 78 ಫ್ರೇಮ್ ಹಿಂದೆ.

ತಡವನ್ನು ಎಷ್ಟಿಡಬೇಕು ಎಂಬುದರಲ್ಲೇ ದೃಶ್ಯದ ರುಚಿ ಇದೆ. ಒಂದು ಸುತ್ತು 50 ಫ್ರೇಮ್, ತಡ 2 ಫ್ರೇಮ್, ಆದ್ದರಿಂದ 25 ಜ್ವಾಲೆಗಳಷ್ಟು ಉದ್ದದ ಅಲೆಯೊಂದು ಸಾಲಿನ ಮೇಲೆ ಹರಿಯುತ್ತದೆ. ತಡ ಸೊನ್ನೆಯಾದರೆ ನಲವತ್ತೂ ಒಟ್ಟಿಗೆ ಕವಾಯತು ಮಾಡುತ್ತವೆ. 25 ಫ್ರೇಮ್ ಇಟ್ಟರೆ ಅಕ್ಕಪಕ್ಕದ ಜ್ವಾಲೆಗಳು ಸದಾ ಎದುರುಬದುರು ಬಾಗಿ ಹಲ್ಲು ಕಡಿದಂತೆ ಕಾಣುತ್ತದೆ. 48 ಇಟ್ಟರೆ ಇನ್ನೂ ತಮಾಷೆ: ಗಾಳಿ ಬಲದಿಂದ ಎಡಕ್ಕೆ ಬೀಸತೊಡಗುತ್ತದೆ, ಏಕೆಂದರೆ 48 ಫ್ರೇಮ್ ತಡವಾಗುವುದಕ್ಕೂ ಎರಡು ಫ್ರೇಮ್ ಮುಂದಿರುವುದಕ್ಕೂ ಸುತ್ತಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಮಿನುಗನ್ನೂ ಹೀಗೆಯೇ `LEAD`ನಿಂದ ತಡವಾಗಿ ಓದಿಸಬಹುದಲ್ಲ ಎನಿಸಬಹುದು. ಓದಿಸಬಾರದು. ಮೊದಲ ಜ್ವಾಲೆಯ ಒಂದು ವಿಶಿಷ್ಟ ಮಿಟುಕು ಸಾಲಿನುದ್ದಕ್ಕೂ ಓಡುತ್ತ ಹೋಗುವುದನ್ನು ಕಣ್ಣು ತಕ್ಷಣ ಹಿಡಿಯುತ್ತದೆ, ದೀಪಗಳು ಅಂಗಡಿ ಮುಂದಿನ ಸೀರಿಯಲ್ ಸೆಟ್ಟಿನಂತೆ ಕಾಣುತ್ತವೆ. ಗಾಳಿ ಎಲ್ಲ ಜ್ವಾಲೆಗಳಿಗೂ ಒಂದೇ, ಅದು ಸಾಲಾಗಿ ಬರಬೇಕು. ಮಿನುಗು ಆಯಾ ಬತ್ತಿಯದು.

ಇನ್ನೊಂದು ದಾರಿಯೂ ಇದೆ, ಎಷ್ಟೋ ಪಾಠಗಳಲ್ಲಿ ಮೊದಲು ಕಲಿಸುವುದು ಅದನ್ನೇ. ಪ್ರತಿ ಲೇಯರೂ ತನ್ನ ಮೇಲಿನ ಲೇಯರನ್ನು ನೋಡಲಿ ಎಂದು `thisComp.layer(index - 1)` ಬರೆಯುವುದು. ಐದಾರು ಲೇಯರ್ ಇದ್ದಾಗ ತೊಂದರೆಯಿಲ್ಲ. ನಲವತ್ತಾದಾಗ ಕೊನೆಯ ಜ್ವಾಲೆ ಮೂವತ್ತೊಂಬತ್ತನೆಯದನ್ನು ಕೇಳುತ್ತದೆ, ಅದು ಮೂವತ್ತೆಂಟನೆಯದನ್ನು, ಹೀಗೆ ಸರಪಳಿ ಮೊದಲನೆಯದರವರೆಗೆ ಹೋಗಬೇಕು, ಅದೂ ಪ್ರತಿ ಫ್ರೇಮಿಗೆ. ಪ್ರಿವ್ಯೂ ಬರಬರುತ್ತ ತೆವಳುತ್ತದೆ. ಮೇಲಿನ ಕೋಡಿನಲ್ಲಿ ಎಲ್ಲರೂ ನೇರವಾಗಿ ಒಬ್ಬರನ್ನೇ ಕೇಳುವುದರಿಂದ ಆ ಭಾರವಿಲ್ಲ. ಸರಪಳಿಯ ಲೇಯರನ್ನು ಪಟ್ಟಿಯ ತುತ್ತತುದಿಗೆ ಎಳೆದರಂತೂ ಅದು ಸೊನ್ನೆಯನೇ ಲೇಯರನ್ನು ಹುಡುಕುತ್ತದೆ. ಅಂಥದ್ದು ಇಲ್ಲವಾದ್ದರಿಂದ ಪರದೆಯ ಬುಡದಲ್ಲಿ ಎಚ್ಚರಿಕೆಯ ಪಟ್ಟಿ ಮೂಡುತ್ತದೆ.

`index`ನಿಂದ `L.index` ಕಳೆದದ್ದಕ್ಕೂ ಕಾರಣವಿದೆ. ಬರೀ `index` ಬರೆದಿದ್ದರೆ ಎಲ್ಲವೂ ಸರಿಯಾಗಿಯೇ ಓಡುತ್ತಿತ್ತು, ಮೇಲೊಂದು ಶೀರ್ಷಿಕೆಯ ಲೇಯರ್ ಸೇರಿಸುವವರೆಗೆ. ಆಗ ಕೆಳಗಿನ ಎಲ್ಲ ಲೇಯರ್‌ಗಳ ಕ್ರಮಸಂಖ್ಯೆಯೂ ಒಂದೊಂದು ಹೆಚ್ಚಾಗುತ್ತದೆ. ಜ್ವಾಲೆಗಳ ಜಾಗವನ್ನೂ ಎಕ್ಸ್‌ಪ್ರೆಶನ್‌ನಿಂದಲೇ ಹಂಚಿದ್ದರೆ ಎಡವಟ್ಟು ಎದ್ದು ಕಾಣುತ್ತದೆ. ಪೊಸಿಶನ್‌ಗೆ ಇಲ್ಲಿ ಬೇಕಾದದ್ದು ಒಂದು ಲೆಕ್ಕ:

```
n = index - thisComp.layer("LEAD").index;
[102 + 44 * n, 820]
```

`LEAD` ಜ್ವಾಲೆಯನ್ನು ಕೈಯಿಂದ 102, 820ಕ್ಕೆ ಇಟ್ಟಾಗಿದೆ. ಅಲ್ಲಿಂದ 44 ಪಿಕ್ಸೆಲ್‌ಗೆ ಒಂದರಂತೆ ಸಾಗಿ ಕೊನೆಯ ಜ್ವಾಲೆ 1818ಕ್ಕೆ ಬರುತ್ತದೆ, ಎರಡೂ ಬದಿಗೆ ಸಮನಾಗಿ 102 ಪಿಕ್ಸೆಲ್ ಉಳಿಯುತ್ತದೆ. ಬರೀ `index` ನಂಬಿದ್ದರೆ ಶೀರ್ಷಿಕೆ ಸೇರಿದ ಕೂಡಲೇ ಜ್ವಾಲೆಗಳೆಲ್ಲ 44 ಪಿಕ್ಸೆಲ್ ಬಲಕ್ಕೆ ಸರಿದು ಪಕ್ಕದ ಹಣತೆಯ ಮೇಲೆ ಕೂರುತ್ತಿದ್ದವು. ವ್ಯತ್ಯಾಸ ತೆಗೆದುಕೊಂಡರೆ ಎಷ್ಟು ಲೇಯರ್ ಮೇಲೆ ಬಂದರೂ ಇಬ್ಬರ ಸಂಖ್ಯೆಯೂ ಸಮನಾಗಿ ಏರುವುದರಿಂದ `n` ಬದಲಾಗದು. ಜ್ವಾಲೆಗಳ ನಡುವೆ ಬೇರೆ ಲೇಯರ್ ತೂರಿಸದಿದ್ದರೆ ಸಾಕು.

ಇಷ್ಟಾದ ಮೇಲೆ ನಲವತ್ತು ಮಾಡುವುದು ನಿಮಿಷದ ಕೆಲಸ. `LEAD`ನ ಕೆಳಗೆ ಎಲ್ಲ ಎಕ್ಸ್‌ಪ್ರೆಶನ್ ಬರೆದ ಒಂದು ಜ್ವಾಲೆಯನ್ನಿಟ್ಟು, ಅದನ್ನು ಕಂಟ್ರೋಲ್ ಡಿ ಒತ್ತಿ 38 ಸಲ ನಕಲಿಸಿದರೆ ಪ್ರತಿಯೊಂದೂ ತನ್ನ ಜಾಗಕ್ಕೆ ತಾನೇ ಹೋಗಿ ಕೂರುತ್ತದೆ. ಮುಂದೆ ಒಂದು ಸಾಲು ತಿದ್ದಬೇಕಾದರೆ ಒಂದರಲ್ಲಿ ತಿದ್ದಿ, `Edit` ಮೆನುವಿನ `Copy Expression Only` ಒತ್ತಿ, ಉಳಿದವನ್ನೆಲ್ಲ ಆರಿಸಿ ಪೇಸ್ಟ್ ಮಾಡಿದರಾಯಿತು.

ಓಡಿಸಿ ನೋಡಿದಾಗ ಒಂದು ದೋಷ ಮಾತ್ರ ಉಳಿದಿರುತ್ತದೆ. ಮೊದಲ ಫ್ರೇಮಿನಲ್ಲಿ `LEAD` ಒಂದೇ ಹೊಯ್ದಾಡಲು ಶುರುಮಾಡುತ್ತದೆ, ಉಳಿದವು ಎಡಕ್ಕೆ ಬಾಗಿದಂತೆಯೇ ಸೆಟೆದು ನಿಂತು ತಮ್ಮ ಸರದಿಗೆ ಕಾಯುತ್ತವೆ. ಕೊನೆಯದು ಮೂರು ಸೆಕೆಂಡು ದಾಟಿದ ಮೇಲೆ ಅಲುಗುತ್ತದೆ. ಕಾರಣ ಸರಳ. ಸೊನ್ನೆಯ ಕ್ಷಣದಲ್ಲಿ ಅವು ಕೇಳುತ್ತಿರುವುದು ಸೊನ್ನೆಗಿಂತ ಹಿಂದಿನ ಬೆಲೆ, `loopOut` ಆದರೋ ಕೊನೆಯ ಕೀಫ್ರೇಮಿನ ಮುಂದಕ್ಕೆ ಮಾತ್ರ ಸುತ್ತುತ್ತದೆ. ಮೊದಲ ಕೀಫ್ರೇಮಿನ ಹಿಂದಕ್ಕೂ ಸುತ್ತಬೇಕಾದರೆ `loopIn` ಬೇಕು. `LEAD`ನ ರೊಟೇಶನ್‌ನಲ್ಲಿ ಎರಡನ್ನೂ ಕೂಡಿಸಿ, ಎರಡು ಸಲ ಎಣಿಕೆಯಾದ ಮೂಲ ಬೆಲೆಯನ್ನು ಒಮ್ಮೆ ಕಳೆಯಬೇಕು:

```
loopIn("pingpong") + loopOut("pingpong") - value
```

ಇದನ್ನು ಹಾಕಿದ ಮೇಲೆ ಸೊನ್ನೆಯ ಕ್ಷಣದಲ್ಲೇ ಅಲೆ ಸಾಲಿನ ತುಂಬ ಹರಡಿರುತ್ತದೆ, ಕೊಂಡಿಯೂ ಕೂಡುತ್ತದೆ.

ಗ್ರಾಹಕರ ‘ಸ್ವಲ್ಪ ನಿಧಾನ, ಸ್ವಲ್ಪ ಜಾಸ್ತಿ’ ಬೇಡಿಕೆಗಳಿಗೆ ಒಂದು ನಲ್ ಲೇಯರ್ ಸೇರಿಸಿ, ಅದರಲ್ಲಿ ಸ್ಲೈಡರ್ ಕಂಟ್ರೋಲ್ ಇಟ್ಟು, ಕೋಡಿನ 18ರ ಜಾಗದಲ್ಲಿ `thisComp.layer("CONTROL").effect("amp")(1)` ಬರೆದಿಡುವುದು ಅನುಕೂಲ. ಸ್ಲೈಡರ್ ಎಳೆದರೆ ನಲವತ್ತೂ ಬದಲಾಗುತ್ತವೆ. ಆದರೆ ವಿಗಲ್‌ನ ವೇಗಕ್ಕೆ, ಅಂದರೆ ಮೊದಲ ಅಂಕಿಗೆ, ಸ್ಲೈಡರ್ ಕೊಟ್ಟು ಅದಕ್ಕೆ ಕೀಫ್ರೇಮ್ ಹಾಕುವುದು ಅಪಾಯ. ವಿಗಲ್ ಪ್ರತಿ ಫ್ರೇಮಿಗೂ ಸೊನ್ನೆಯಿಂದ ಈವರೆಗಿನ ಕಾಲವನ್ನು ಈಗಿನ ವೇಗದಿಂದ ಗುಣಿಸಿ ತನ್ನ ಜಾಗ ಹುಡುಕುತ್ತದೆ. ಎಂಟನೇ ಸೆಕೆಂಡಿನ ಹೊತ್ತಿಗೆ ವೇಗ 6ರಿಂದ 7ಕ್ಕೆ ಏರಿದರೆ ಅದರ ಲೆಕ್ಕ 48ರಿಂದ 56ಕ್ಕೆ ಓಡುತ್ತದೆ, ನಡುವಿನ ಅಲುಗಾಟಗಳೆಲ್ಲ ಕ್ಷಣಮಾತ್ರದಲ್ಲಿ ಸುರಿದು ಜ್ವಾಲೆ ಹುಚ್ಚೆದ್ದು ಕಂಪಿಸುತ್ತದೆ. ವೇಗವನ್ನು ಇದ್ದಂತೆ ಬಿಟ್ಟು ಎರಡನೇ ಅಂಕಿಗೆ ಕೀಫ್ರೇಮ್ ಹಾಕಿದರೆ ಗಾಳಿ ಏರಿದ ಭಾವನೆ ಬಹುತೇಕ ಬಂದುಬಿಡುತ್ತದೆ.

ಹಳೆಯ ಪಾಠಗಳಿಂದ ನಕಲಿಸಿದ ಕೋಡು ಕೆಲವೊಮ್ಮೆ ಕಾರಣವಿಲ್ಲದೆ ಮುನಿಯುತ್ತದೆ. 2018ರಲ್ಲಿ ಬಂದ 16ನೇ ಆವೃತ್ತಿಯಿಂದ ಆಫ್ಟರ್ ಎಫೆಕ್ಟ್ಸ್ ಹೊಸ ಜಾವಾಸ್ಕ್ರಿಪ್ಟ್ ಎಂಜಿನ್ ಬಳಸುತ್ತಿದೆ, ಬರವಣಿಗೆಯಲ್ಲಿ ಹಳೆಯದು ಸಹಿಸುತ್ತಿದ್ದ ಕೆಲವು ಸಡಿಲಗಳನ್ನು ಅದು ಸಹಿಸುವುದಿಲ್ಲ. `Project Settings`ನ `Expressions` ಪುಟದಲ್ಲಿ `Legacy ExtendScript` ಆರಿಸಿ ನೋಡಿದರೆ ದೋಷ ಕೋಡಿನದೋ ಎಂಜಿನ್‌ನದೋ ಎಂಬುದು ಗೊತ್ತಾಗುತ್ತದೆ.

ಕೊಂಡಿಯನ್ನು ಪರೀಕ್ಷಿಸುವ ನಂಬಿಕಸ್ಥ ದಾರಿ ಎಂದರೆ ರೆಂಡರ್ ಆದ ತುಣುಕನ್ನು ಹೊಸ ಟೈಮ್‌ಲೈನಿನಲ್ಲಿ ಒಂದರ ಹಿಂದೊಂದು ಎರಡು ಸಲ ಜೋಡಿಸಿ, ಸಂಧಿಯ ಆಚೀಚೆ ಒಂದೊಂದೇ ಫ್ರೇಮ್ ಸರಿಸಿ ನೋಡುವುದು. ಫೈಲನ್ನು ಬೇರೆಯವರಿಗೆ ಕೊಡಬೇಕಾದಾಗ, ಅಥವಾ ಪ್ರಿವ್ಯೂ ತೀರಾ ಭಾರವಾದಾಗ, `Keyframe Assistant`ನಲ್ಲಿರುವ `Convert Expression to Keyframes` ಎಲ್ಲವನ್ನೂ ಕೀಫ್ರೇಮ್‌ಗಳಾಗಿ ಗಟ್ಟಿ ಮಾಡುತ್ತದೆ. ಹೊಳಪು, ಎತ್ತರ, ಬಾಗು ಮೂರನ್ನೂ ಹಾಗೆ ಮಾಡಿದರೆ ನಲವತ್ತು ಜ್ವಾಲೆಗಳಿಗೆ ಫ್ರೇಮಿಗೊಂದರಂತೆ 30,000 ಕೀಫ್ರೇಮ್‌ಗಳಾಗುತ್ತವೆ. ಆ ಬಳಿಕ ಸ್ಲೈಡರ್ ಎಳೆದರೆ ಏನೂ ಆಗುವುದಿಲ್ಲ, ಹಾಗಾಗಿ ಗಟ್ಟಿ ಮಾಡುವ ಮುಂಚೆ ಪ್ರಾಜೆಕ್ಟನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳುತ್ತಾರೆ.